ಮೇ ತಿಂಗಳಿಂದ ನಿಮ್ಮ ರಿಪೋರ್ಟ್ ತಾರೀಖು ನೋಡಿ ಬರುವುದಿಲ್ಲ, ಕೆಲಸದ ದಿನ ನೋಡಿ ಬರುತ್ತದೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ಬಾಕಿ ಪಟ್ಟಿ, ದಿನದ ವಸೂಲಿ, ಸಂಬಳದ ಪಟ್ಟಿ, ಜಿಎಸ್‌ಟಿ ಲೆಕ್ಕ ಹೀಗೆ ನಮ್ಮ ಕಡೆಯಿಂದ ನಿಮಗೆ ತಾನಾಗಿಯೇ ಬರುವ ರಿಪೋರ್ಟ್‌ಗಳು ಇಷ್ಟು ದಿನ ತಾರೀಖು ನೋಡಿ ಹೊರಡುತ್ತಿದ್ದವು. ಒಂದನೇ ತಾರೀಖು ಬೆಳಿಗ್ಗೆ ಏಳಕ್ಕೆ ಅಂದರೆ ಏಳಕ್ಕೆ. ಅಂದು ಭಾನುವಾರವೋ, ಹಬ್ಬವೋ, ಬ್ಯಾಂಕಿಗೆ ಬೀಗವೋ ಎಂದು ಕಂಪ್ಯೂಟರ್ ಕೇಳುತ್ತಿರಲಿಲ್ಲ. 2026ರ ಮೇ ತಿಂಗಳಿಂದ ಇದು ಬದಲಾಗುತ್ತದೆ. ಏನು ಬದಲಾಗುತ್ತದೆ, ನೀವು ನಮಗೆ ಏನು ತಿಳಿಸಬೇಕು ಎಂದು ಹೇಳಲು ಈ ಪತ್ರ.

ಮೇ ತಿಂಗಳನ್ನೇ ತೆಗೆದುಕೊಳ್ಳೋಣ. ಮೇ 1 ಶುಕ್ರವಾರ, ಕಾರ್ಮಿಕರ ದಿನಾಚರಣೆ, ರಜೆ. ಏಪ್ರಿಲ್ ತಿಂಗಳ ಬಾಕಿ ಪಟ್ಟಿ ಅಂದೇ ಬಂದರೆ ಬಂದರಿನ ಹೋಲ್‌ಸೇಲ್ ಅಂಗಡಿಯಲ್ಲಿ ಅದನ್ನು ನೋಡುವವರು ಯಾರೂ ಇರುವುದಿಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿಲ್ಲ, ಮರುದಿನ ನೋಡಬಹುದು. ಆದರೆ ಏಪ್ರಿಲ್ 30ರ ಸಂಜೆ ಯಾರೋ ಕೊಟ್ಟುಹೋದ ಚೆಕ್ಕು ಇನ್ನೂ ನಿಮ್ಮ ಗಲ್ಲಾಪೆಟ್ಟಿಗೆಯಲ್ಲೇ ಇರುತ್ತದೆ. ಅದು ಪಾಸಾಗಬೇಕಾದರೆ ಬ್ಯಾಂಕು ತೆರೆಯಬೇಕು. ಪಟ್ಟಿಯಲ್ಲಿ ಮಾತ್ರ ಆ ಗಿರಾಕಿ ಬಾಕಿದಾರ. ಹುಡುಗ ಫೋನ್ ಮಾಡಿ ಕೇಳುತ್ತಾನೆ, ಆ ಕಡೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಇದು ನಿಮ್ಮಲ್ಲಿ ತುಂಬ ಜನ ನಮಗೆ ಹೇಳಿದ ವಿಷಯ.

ಇನ್ನು ಮುಂದೆ ಈ ಪಟ್ಟಿ ತಿಂಗಳ ಮೊದಲ ಕೆಲಸದ ದಿನಕ್ಕೆ ಬರುತ್ತದೆ. ಹಾಗಾದರೆ ಮೇ ತಿಂಗಳ ಮೊದಲ ಕೆಲಸದ ದಿನ ಯಾವುದು? ಇಲ್ಲಿ ಎರಡು ಉತ್ತರ ಇದೆ. ಬ್ಯಾಂಕಿಗೆ ಮೇ 2, ಶನಿವಾರ. ಯಾಕೆಂದರೆ 2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ರಜೆ. ಮೊದಲನೆಯದು, ಮೂರನೆಯದು, ಐದನೆಯದು ಇದ್ದರೆ ಅದೂ ಕೆಲಸದ ದಿನವೇ. ಆದರೆ ವಾರಕ್ಕೆ ಐದೇ ದಿನ ನಡೆಯುವ ಆಫೀಸಿಗೆ ಮೊದಲ ಕೆಲಸದ ದಿನ ಮೇ 4, ಸೋಮವಾರ. ಎರಡೂ ಸರಿಯೇ. ಹಾಗಾಗಿ ಪ್ರತಿ ರಿಪೋರ್ಟ್‌ಗೂ ಯಾವ ಕ್ಯಾಲೆಂಡರ್ ಎಂದು ನೀವೇ ಹೇಳಬೇಕು. ಚೆಕ್ಕು, ಬ್ಯಾಂಕ್ ಬ್ಯಾಲೆನ್ಸ್ ಇರುವಲ್ಲಿ ಬ್ಯಾಂಕ್ ಕ್ಯಾಲೆಂಡರ್ ಒಳ್ಳೆಯದು ಎನ್ನುವುದು ನಮ್ಮ ಅಭಿಪ್ರಾಯ.

ಎರಡನೇ ಶನಿವಾರ ಲೆಕ್ಕ ಹಾಕುವುದು ಸುಲಭ ಅಂತ ಕಾಣುತ್ತದೆ. ಆದರೆ ಕ್ಯಾಲೆಂಡರಿನ ಎರಡನೇ ಸಾಲಿನ ಶನಿವಾರವೇ ಎರಡನೇ ಶನಿವಾರ ಅಲ್ಲ. ಈ ವರ್ಷದ ನವೆಂಬರ್ 1 ಭಾನುವಾರ. ವಾರವನ್ನು ಸೋಮವಾರದಿಂದ ಎಣಿಸುವ ಕ್ಯಾಲೆಂಡರಿನಲ್ಲಿ ಮೊದಲ ಸಾಲಿನಲ್ಲಿ ಆ ಭಾನುವಾರ ಒಂದೇ ಇರುತ್ತದೆ. ಎರಡನೇ ಸಾಲಿನ ಶನಿವಾರ 7ನೇ ತಾರೀಖು, ಅದು ಮೊದಲನೇ ಶನಿವಾರ. ನಿಜವಾದ ಎರಡನೇ ಶನಿವಾರ 14. ಆದ್ದರಿಂದ ನಮ್ಮ ಲೆಕ್ಕ ವಾರದ ಸಾಲು ನೋಡುವುದಿಲ್ಲ. ಶನಿವಾರದ ತಾರೀಖು 8ರಿಂದ 14ರೊಳಗೆ ಇದ್ದರೆ ಎರಡನೆಯದು, 22ರಿಂದ 28ರೊಳಗೆ ಇದ್ದರೆ ನಾಲ್ಕನೆಯದು. ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ರಜೆ ಅಡ್ಡ ಬಂದಾಗ ರಿಪೋರ್ಟ್ ಮುಂದಕ್ಕೆ ಹೋಗಬೇಕೋ, ಹಿಂದಕ್ಕೆ ಬರಬೇಕೋ? ಬಾಕಿ ಪಟ್ಟಿ ಮುಂದಕ್ಕೆ ಹೋದರೆ ತೊಂದರೆಯಿಲ್ಲ, ಆಗಿಹೋದ ತಿಂಗಳ ಲೆಕ್ಕ ಅದು. ಜಿಎಸ್‌ಟಿ ಹಾಗಲ್ಲ. ಪ್ರತಿ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ 20 ಕೊನೆಯ ದಿನ. ಈ ಸೆಪ್ಟೆಂಬರ್ 20 ಭಾನುವಾರ. ರಜೆ ಅಂತ ಆ ರಿಪೋರ್ಟನ್ನು 21ಕ್ಕೆ ದೂಡಿದರೆ ನಿಮ್ಮ ಕೈಗೆ ಬರುವಾಗ ಲೇಟ್ ಫೀ ಶುರುವಾಗಿರುತ್ತದೆ. ಪೋರ್ಟಲ್‌ಗೆ ಭಾನುವಾರ ಇಲ್ಲ ಅಲ್ವಾ! ಕೊನೆಯ ದಿನ ಇರುವ ರಿಪೋರ್ಟ್‌ಗಳು ಯಾವಾಗಲೂ ಹಿಂದಕ್ಕೇ ಸರಿಯಬೇಕು.

ಹಿಂದಕ್ಕೆ ಎಣಿಸುವುದರಲ್ಲಿ ಒಂದು ಕಷ್ಟ ಇದೆ. ಮುಂದಕ್ಕೆ ಎಣಿಸುವಾಗ ದಿನಾ ಬೆಳಿಗ್ಗೆ 'ಇವತ್ತು ಕೆಲಸದ ದಿನವಾ?' ಎಂದು ನೋಡಿದರೆ ಸಾಕು. ಹಿಂದಕ್ಕೆ ಎಣಿಸಬೇಕಾದರೆ ಇನ್ನೂ ಬಾರದ ದಿನಗಳ ರಜೆ ಇವತ್ತೇ ಗೊತ್ತಿರಬೇಕು.

ಗೇರುಬೀಜ ಕಾರ್ಖಾನೆಯ ಸಂಬಳದ ಪಟ್ಟಿಯನ್ನು ನೋಡಿ. ಅದು ತಿಂಗಳ ಕೊನೆಯಿಂದ ಮೂರನೇ ಬ್ಯಾಂಕ್ ದಿನಕ್ಕೆ ಬರಬೇಕು. ಮ್ಯಾನೇಜರ್ ಪರಿಶೀಲಿಸಲು ಒಂದು ದಿನ, ಬ್ಯಾಂಕಿಗೆ ಕೊಡಲು ಒಂದು ದಿನ, ಕೊನೆಯ ದಿನ ಖಾತೆಗೆ ಹಣ. ಮೇ 31 ಭಾನುವಾರ. 30 ಐದನೇ ಶನಿವಾರ, ಬ್ಯಾಂಕ್ ಇದೆ, ಅದು ಕೊನೆಯ ದಿನ. 29 ಶುಕ್ರವಾರ, ಎರಡನೆಯದು. ಮೂರನೆಯದು 28 ಗುರುವಾರ ಆಗಬೇಕು. ಆದರೆ ಆ ವಾರವೇ ಬಕ್ರೀದ್. ಹಬ್ಬ 27ಕ್ಕೋ 28ಕ್ಕೋ ಎನ್ನುವುದು ಚಂದ್ರದರ್ಶನದ ಮೇಲೆ ಹೋಗುತ್ತದೆ. ರಜೆ 27ಕ್ಕೆ ಬಂದರೆ ಪಟ್ಟಿ 28ಕ್ಕೆ ಬರಬೇಕು. ರಜೆ 28ಕ್ಕೆ ಬಂದರೆ ಪಟ್ಟಿ 27ಕ್ಕೇ ಬರಬೇಕು. ಒಂದೇ ಹಬ್ಬ, ಒಂದು ದಿನ ಅತ್ತಿತ್ತ ಆದರೆ ರಿಪೋರ್ಟ್ ಅದಕ್ಕೆ ಉಲ್ಟಾ ಓಡುತ್ತದೆ.

ಬಕ್ರೀದ್ ವಿಷಯದಲ್ಲಿ ನಾವು ಬಚಾವ್. ತಿಂಗಳ ಮೊದಲ ಚಂದ್ರ ಕಂಡು ಹತ್ತನೇ ದಿನಕ್ಕೆ ಹಬ್ಬ. ಹಾಗಾಗಿ ಒಂದು ವಾರಕ್ಕೂ ಮೊದಲೇ ಗೊತ್ತಾಗುತ್ತದೆ, ನಮ್ಮ ರಜೆ ಪಟ್ಟಿ ತಿದ್ದಲು ಸಮಯ ಸಿಗುತ್ತದೆ. ರಂಜಾನ್ ಹಬ್ಬ ಹಾಗಲ್ಲ, ಹಿಂದಿನ ದಿನ ಕತ್ತಲಾದ ಮೇಲೆ ಗೊತ್ತಾಗುತ್ತದೆ. ಅದೂ ಅಲ್ಲದೆ ನಮ್ಮ ಕರಾವಳಿಯ ಲೆಕ್ಕ ಎಷ್ಟೋ ಸಲ ಕೇರಳದ ಜೊತೆ ಹೋಗುತ್ತದೆ. 2024ರಲ್ಲಿ ಇಲ್ಲಿ ಏಪ್ರಿಲ್ 10ಕ್ಕೆ ಈದ್ ಮುಗಿದಿತ್ತು, ಬೆಂಗಳೂರಿನಲ್ಲಿ 11ಕ್ಕೆ. ಇಂಥ ಕಡೆ ಹಿಂದಕ್ಕೆ ಎಣಿಸುವ ರಿಪೋರ್ಟ್‌ಗಳಿಗೆ ಅನುಮಾನದ ಎರಡೂ ದಿನವನ್ನು ರಜೆ ಎಂದೇ ಹಿಡಿಯುತ್ತೇವೆ. ಪಟ್ಟಿ ಒಂದು ದಿನ ಬೇಗ ಬಂದೀತು. ಸಂಬಳ ತಡವಾಗುವುದಕ್ಕಿಂತ ಅದು ವಾಸಿ.

ಊರಿನಿಂದ ಊರಿಗೂ ರಜೆ ಬೇರೆ. ಕಳೆದ ವರ್ಷ ಬೇರೆ ಕಡೆ ಆಗಸ್ಟ್ ಮಧ್ಯದಲ್ಲೇ ಕೃಷ್ಣ ಜನ್ಮಾಷ್ಟಮಿ ಮುಗಿದಿತ್ತು. ಉಡುಪಿಯಲ್ಲಿ ಸೌರಮಾನದ ಲೆಕ್ಕದಲ್ಲಿ ಸೆಪ್ಟೆಂಬರ್ 14ಕ್ಕೆ ಬಂತು, ಮರುದಿನ ಸೋಮವಾರ ವಿಟ್ಲಪಿಂಡಿ. ರಥಬೀದಿಯ ಅಂಗಡಿಗೆ ಆ ಸೋಮವಾರ ಲೆಕ್ಕ ನೋಡುವ ದಿನವೇ ಅಲ್ಲ, ಹುಬ್ಬಳ್ಳಿಯ ಬ್ರಾಂಚಿಗೆ ಮಾಮೂಲಿ ದಿನ. ಎರಡು ಕಡೆ ಅಂಗಡಿ ಇರುವವರು ಪ್ರತಿ ಬ್ರಾಂಚಿಗೂ ಬೇರೆ ಕ್ಯಾಲೆಂಡರ್ ಕೇಳಬಹುದು. ಮತ್ತೆ, ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಕೊಡುವ ಮಳೆ ರಜೆಯನ್ನು ನಾವು ಪಟ್ಟಿಗೆ ಸೇರಿಸುವುದಿಲ್ಲ. ಅದು ಶಾಲೆ ಮಕ್ಕಳಿಗೆ. ನಿಮ್ಮ ರಿಪೋರ್ಟ್ ಕೊಡೆ ಹಿಡಿದುಕೊಂಡಾದರೂ ಬರುತ್ತದೆ.

ಇನ್ನೊಂದು ವಿಷಯ, ದಿನದ ವಸೂಲಿ ರಿಪೋರ್ಟ್. ಇದು ಬೆಳಿಗ್ಗೆ ಬಂದು 'ನಿನ್ನೆ'ಯ ಲೆಕ್ಕ ಹೇಳುತ್ತದೆ. ಕೆಲಸದ ದಿನಕ್ಕೆ ಮಾತ್ರ ಕಳಿಸಿ, ಉಳಿದದ್ದನ್ನು ಹಾಗೇ ಬಿಟ್ಟರೆ ಏನಾಗುತ್ತದೆ ನೋಡಿ. ಮೇ 9 ಎರಡನೇ ಶನಿವಾರ, 10 ಭಾನುವಾರ. 11ರ ಸೋಮವಾರದ ರಿಪೋರ್ಟ್ 'ನಿನ್ನೆ' ಎಂದರೆ ಭಾನುವಾರದ್ದು ಮಾತ್ರ ಹೇಳುತ್ತದೆ. ಶುಕ್ರವಾರ ಮತ್ತು ಶನಿವಾರದ ವಸೂಲಿ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಬ್ಯಾಂಕ್ ಮುಚ್ಚಿದ್ದರೂ ಯುಪಿಐ, ನೆಫ್ಟ್ ಹಣ ಬರುತ್ತಲೇ ಇರುತ್ತದಲ್ಲ. ಆದ್ದರಿಂದ ಇನ್ನು ಮುಂದೆ ಅದು 'ನಿನ್ನೆ' ಎಂದು ನೋಡದೆ ಹಿಂದಿನ ರಿಪೋರ್ಟ್ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಶುರು ಮಾಡುತ್ತದೆ. ಮೇ 11ರದ್ದು 8, 9, 10 ಮೂರೂ ದಿನದ ಲೆಕ್ಕ ಕೊಡುತ್ತದೆ, ಒಂದೊಂದು ದಿನದ್ದೂ ಬೇರೆ ಬೇರೆ ಸಾಲಿನಲ್ಲಿ. ಬಾಕಿ ಪಟ್ಟಿಯೂ ಹಾಗೆಯೇ. 2ಕ್ಕೆ ಬಂದರೂ 4ಕ್ಕೆ ಬಂದರೂ ಅದರಲ್ಲಿರುವುದು ಏಪ್ರಿಲ್ 30ರವರೆಗಿನ ಬಿಲ್ಲು ಮಾತ್ರ. ಪ್ರತಿ ರಿಪೋರ್ಟಿನ ತಲೆಯಲ್ಲಿ 'ಲೆಕ್ಕದ ಅವಧಿ' ಮತ್ತು 'ಕಳಿಸಿದ ದಿನ' ಎರಡನ್ನೂ ಹಾಕುತ್ತೇವೆ. ತಿಂಗಳ ಕೊನೆಗೆ ದಿನದ ರಿಪೋರ್ಟ್‌ಗಳ ಮೊತ್ತ ಕೂಡಿಸಿ ತಿಂಗಳ ರಿಪೋರ್ಟ್ ಜೊತೆ ತಾಳೆ ನೋಡಿ. ವ್ಯತ್ಯಾಸ ಬಂದರೆ ಯಾವುದೋ ದಿನ ಬಿಟ್ಟುಹೋಗಿದೆ ಅಥವಾ ಎರಡು ಸಲ ಸೇರಿದೆ ಎಂದರ್ಥ, ಕೂಡಲೇ ಹೇಳಿ.

ಸ್ವಂತ ಸರ್ವರ್ ಇಟ್ಟುಕೊಂಡವರಿಗೆ ಒಂದು ಮಾತು. ನಿಮ್ಮ ಕಂಪ್ಯೂಟರ್ ನೋಡಿಕೊಳ್ಳುವವರು ಮೊದಲ ಕೆಲಸದ ದಿನಕ್ಕೆಂದು, ಹೇಳಿದ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹೀಗೆ ಬರೆಯುವ ಸಾಧ್ಯತೆ ಜಾಸ್ತಿ:

```
0 7 1-3 * 1-5 /opt/varadi/baki_patti.sh
```

ಓದಿದರೆ '1ರಿಂದ 3ರೊಳಗಿನ ತಾರೀಖು, ಅದೂ ಸೋಮವಾರದಿಂದ ಶುಕ್ರವಾರದೊಳಗೆ' ಎಂದು ತೋರುತ್ತದೆ. ಕ್ರಾನ್ ಹಾಗೆ ಓದುವುದಿಲ್ಲ. ತಾರೀಖು, ವಾರ ಎರಡನ್ನೂ ಕೊಟ್ಟರೆ ಎರಡರಲ್ಲಿ ಒಂದು ಹೊಂದಿದರೂ ಓಡಿಸುತ್ತದೆ. ಮೇ ತಿಂಗಳಲ್ಲಿ ಈ ಸಾಲು 23 ಸಲ ಓಡುತ್ತದೆ. ಗಿರಾಕಿಗೆ 23 ಸಲ ಬಾಕಿ ಪಟ್ಟಿ ಹೋದರೆ ಏನಾಗುತ್ತದೆ ಎಂದು ನಾವು ಹೇಳಬೇಕಿಲ್ಲ. ನಾವು ಮಾಡುವುದು ಹೀಗೆ, ದಿನಾ ಓಡಿಸಿ ಮೊದಲು ದಿನ ಪರೀಕ್ಷಿಸುವುದು:

```
0 7 * * * /opt/varadi/kelasa_dina.sh && /opt/varadi/baki_patti.sh
```

ಮೊದಲ ಸ್ಕ್ರಿಪ್ಟ್ ರಜೆ ಪಟ್ಟಿ ನೋಡಿ, ಇವತ್ತೇ ತಿಂಗಳ ಮೊದಲ ಕೆಲಸದ ದಿನ ಎಂದರೆ ಮಾತ್ರ ಎರಡನೆಯದು ಓಡುತ್ತದೆ. ಆ ವರ್ಷದ ರಜೆ ಪಟ್ಟಿಯೇ ಇಲ್ಲದಿದ್ದರೆ ಅದು 'ರಜೆ ಇಲ್ಲ' ಎಂದುಕೊಂಡು ಸುಮ್ನೆ ಓಡಬಾರದು, ನಿಂತು ನಮಗೆ ಮೆಸೇಜ್ ಕಳಿಸಬೇಕು. ಹೊಸ ವರ್ಷದ ಮೊದಲ ವಾರ ಹೆಚ್ಚಾಗಿ ಎಡವುವುದು ಇಲ್ಲೇ.

ನಮ್ಮಿಂದ ಆಗದ್ದು ಒಂದಿದೆ. 2024ರ ಡಿಸೆಂಬರ್ 10ರಂದು ಎಸ್.ಎಂ. ಕೃಷ್ಣ ತೀರಿಕೊಂಡಾಗ ಮರುದಿನಕ್ಕೆ ಸರಕಾರ ರಜೆ ಘೋಷಿಸಿತು. ಇಂಥ ರಜೆ ಬಂದರೆ ಮುಂದಕ್ಕೆ ಎಣಿಸುವ ರಿಪೋರ್ಟ್‌ಗಳನ್ನು ರಾತ್ರಿಯೇ ಸರಿಪಡಿಸುತ್ತೇವೆ. ಹಿಂದಕ್ಕೆ ಎಣಿಸಿ ಆಗಲೇ ಹೊರಟುಹೋದದ್ದನ್ನು ವಾಪಸ್ ತರಲಾಗುವುದಿಲ್ಲ. ಅಂಥ ಸಲ ಫೋನ್ ಮಾಡಿ ತಿಳಿಸುತ್ತೇವೆ.

ಈ ಪತ್ರದ ಜೊತೆ ನಿಮ್ಮ ರಿಪೋರ್ಟ್‌ಗಳ ಪಟ್ಟಿ ಇದೆ. ಪ್ರತಿಯೊಂದರ ಎದುರಿಗೆ ಬ್ಯಾಂಕ್ ಕ್ಯಾಲೆಂಡರೋ ನಿಮ್ಮ ಆಫೀಸಿನದೋ, ರಜೆ ಬಂದರೆ ಮುಂದಕ್ಕೋ ಹಿಂದಕ್ಕೋ ಎಂದು ಗುರುತು ಹಾಕಿ ಏಪ್ರಿಲ್ 24ರೊಳಗೆ ಕಳಿಸಿ. (25 ನಾಲ್ಕನೇ ಶನಿವಾರ, ಅದಕ್ಕೇ 24.) ಉತ್ತರ ಬಾರದಿದ್ದರೆ ಕೊನೆಯ ದಿನ ಇರುವವು ಮತ್ತು ಸಂಬಳದ ಪಟ್ಟಿ ಹಿಂದಕ್ಕೆ, ಉಳಿದವು ಮುಂದಕ್ಕೆ, ಎಲ್ಲವೂ ಬ್ಯಾಂಕ್ ಕ್ಯಾಲೆಂಡರಿಗೆ ಎಂದು ಇಟ್ಟುಕೊಳ್ಳುತ್ತೇವೆ. ಆಮೇಲೆ ಬದಲಿಸಬೇಕಾದರೂ ದುಡ್ಡಿಲ್ಲ. ನಿಮ್ಮ ಅಂಗಡಿಯದ್ದೇ ರಜೆಗಳಿದ್ದರೆ, ಮೊಂತಿ ಫೆಸ್ತ್‌ಗೋ ಊರಿನ ಕೋಲಕ್ಕೋ ಬಾಗಿಲು ಹಾಕುವವರಿದ್ದರೆ, ಆ ತಾರೀಖುಗಳನ್ನೂ ಅದೇ ಹಾಳೆಯ ಹಿಂದೆ ಬರೆದುಬಿಡಿ.

ಇಂತಿ,
ವರದಿ ವಿಭಾಗ, ಮಂಗಳೂರು