ಗಾಡಿ ಎತ್ತುವ ಮುಂಚೆ ಪಟ್ಟಿ ಬರೆದು ಕೊಡಿಸಿ: ಹಾಸನದ ಶಾಸಕರಿಗೆ ಒಂದು ಬಹಿರಂಗ ಪತ್ರ

ಸಾರ್, ನಮಸ್ಕಾರ.

ನಾನು ಹಳೇ ಬಸ್ ಸ್ಟ್ಯಾಂಡ್ ಕಡೆ ತಳ್ಳುವ ಗಾಡಿಯಲ್ಲಿ ಹಣ್ಣು ಮಾರುವವನು. ರಸ್ತೆಬದಿಯ ಗಾಡಿಗಳನ್ನು ತೆರವು ಮಾಡಲೇಬೇಡಿ ಎಂದು ಕೇಳುತ್ತಿಲ್ಲ. ರಸ್ತೆ ಎಲ್ಲರದ್ದು, ಆಂಬ್ಯುಲೆನ್ಸ್ ಹೋಗೋಕೆ ಜಾಗ ಬೇಕು, ಅದು ನಮಗೂ ಗೊತ್ತು. ನಾನು ಕೇಳುತ್ತಿರುವುದು ತೆರವು ಮಾಡುವ ರೀತಿಯ ಬಗ್ಗೆ.

ಮೊದಲು ನಮ್ಮ ಲೆಕ್ಕ ಹೇಳುತ್ತೇನೆ. ಬೆಳಿಗ್ಗೆ ಮಂಡಿಯಿಂದ 3,500 ರೂಪಾಯಿಯ ಮಾಲು ತರುತ್ತೇನೆ, ಅದರಲ್ಲಿ ಅರ್ಧ ಉದ್ರಿ. ರಾತ್ರಿ ಹೊತ್ತಿಗೆ 4,600 ವ್ಯಾಪಾರವಾದರೆ ಒಳ್ಳೆ ದಿನ. ಮೇಲಿನ 1,100ರಲ್ಲಿ ಕೊಳೆತದ್ದು, ಒಡೆದದ್ದು ಅಂತ 250 ಹೋಗುತ್ತದೆ. ಗಾಡಿ ಬಾಡಿಗೆ 50, ಸುಂಕ 20, ಊಟ, ಟೀ, ಕವರ್ ಸೇರಿ ಇನ್ನೊಂದು 150. ಕೈಗೆ ಉಳಿಯೋದು 600 ಚಿಲ್ಲರೆ. ಮಳೆ ಬಂದರೆ ಅದೂ ಇಲ್ಲ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ತೆರವಿನ ಲಾರಿ ಬಂತು. ನೋಟಿಸ್ ಇರಲಿಲ್ಲ, ಹಿಂದಿನ ದಿನ ಬಾಯಿಮಾತಿನಲ್ಲೂ ಯಾರೂ ಹೇಳಿರಲಿಲ್ಲ. ಬೆಳಿಗ್ಗೆಯಷ್ಟೇ ಸುಂಕದ ಚೀಟಿ ಹರಿದು ಕೊಟ್ಟಿದ್ದರು, ಅದು ಜೇಬಲ್ಲೇ ಇತ್ತು. ಸುಂಕದ ಚೀಟಿ ಲೈಸೆನ್ಸ್ ಅಲ್ಲ, ಒಪ್ಪುತ್ತೇನೆ, ಆದರೆ ನಾನು ಅಲ್ಲಿ ನಿಂತಿದ್ದು ಗೊತ್ತಿದ್ದೇ ದುಡ್ಡು ತೆಗೆದುಕೊಂಡರು ಅಲ್ವಾ? ಗಾಡಿಯನ್ನು ಹಣ್ಣಿನ ಸಮೇತ ಎತ್ತಿ ಹಾಕಿದರು. ದ್ರಾಕ್ಷಿ ಕ್ರೇಟಿನ ಮೇಲೆ ಇನ್ಯಾರದ್ದೋ ಗಾಡಿಯ ಚಕ್ರ ಬಿತ್ತು. ಏನೇನು ತೆಗೆದುಕೊಂಡರು ಅಂತ ಒಂದು ತುಂಡು ಕಾಗದ ಕೂಡ ಕೊಡಲಿಲ್ಲ.

ಮೂರನೇ ದಿನ 1,000 ರೂಪಾಯಿ ಕಟ್ಟಿದ ಮೇಲೆ ಗಾಡಿ ಸಿಕ್ಕಿತು, ರಸೀದಿ ಸಿಗಲಿಲ್ಲ. ಸಪೋಟ ನೀರು ಬಿಟ್ಟು ಹುಳಿ ವಾಸನೆ ಹೊಡೆಯುತ್ತಿತ್ತು. ತಕ್ಕಡಿ ಕೇಳಿದರೆ 'ನಿಂದು ಅಂತ ಏನು ಗುರುತು' ಅಂದರು. ಪಟ್ಟಿಯೇ ಇಲ್ಲದಿದ್ದರೆ ಗುರುತು ಎಲ್ಲಿಂದ ತರೋದು ಸಾರ್? ಹಣ್ಣು ಸುಮಾರು 3,000ದ್ದು ಹೋಯಿತು, ದಂಡ 1,000, ಒಳ್ಳೆ ವ್ಯಾಪಾರದ ಒಂದು ವಾರದ ದುಡಿಮೆ ಹಾಗೇ ಹೋಯಿತು, ಮಂಡಿಯವರ ಉದ್ರಿ ಮಾತ್ರ ಹಾಗೇ ಉಳಿಯಿತು, ಅದನ್ನು ತೀರಿಸೋಕೆ ಕೈಸಾಲ ಮಾಡಿದೆ.

ಆಮೇಲೆ ತಿಳಿದವರೊಬ್ಬರ ಹತ್ತಿರ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದಿಸಿಕೊಂಡೆ. ಎಲ್ಲಾ ಅದರಲ್ಲೇ ಇದೆ. ಸರ್ವೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೆ ಎಬ್ಬಿಸಬೇಕಾದರೂ 30 ದಿನ ಮುಂಚೆ ನೋಟಿಸ್ ಕೊಡಬೇಕು. ಅದರ ಗಡುವು ಮುಗಿದೂ ಜಾಗ ಬಿಡದಿದ್ದರೆ ಮಾತ್ರ ಮಾಲು ಎತ್ತಬಹುದು. ಆಗಲೂ 19ನೇ ಸೆಕ್ಷನ್ ಪ್ರಕಾರ ಪಟ್ಟಿ ಮಾಡಿ, ಸಹಿ ಹಾಕಿ, ಒಂದು ಪ್ರತಿ ನಮ್ಮ ಕೈಗೆ ಕೊಡಬೇಕು. ನಾವು ಹೋಗಿ ಕೇಳಿ ಶುಲ್ಕ ಕಟ್ಟಿದರೆ ಕೆಡುವ ಮಾಲನ್ನು ಅದೇ ದಿನ ವಾಪಸ್ ಕೊಡಬೇಕು, ಕೆಡದ್ದನ್ನು ಎರಡು ಕೆಲಸದ ದಿನಗಳೊಳಗೆ. ಹಣ್ಣು, ಹೂವು, ಸೊಪ್ಪು ಮಾರುವವರಿಗೆ ಆ 'ಅದೇ ದಿನ' ಅನ್ನೋದೇ ಬದುಕು.

ಹಾಸನಾಂಬೆ ಜಾತ್ರೆ ಬಂದಾಗ ನಮ್ಮನ್ನು ಸರಿಸೋದು ಅನಿವಾರ್ಯ, ಲಕ್ಷಾಂತರ ಜನ ಬರುತ್ತಾರೆ. ಆದರೆ ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಬಾಗಿಲು ತೆಗೆಯುತ್ತಾರೆ ಅಂತ ಊರಿಗೆಲ್ಲ ಗೊತ್ತು. ಪಂಚಾಂಗ ನೋಡಿದರೆ ವರ್ಷ ಮುಂಚೆಯೇ ತಾರೀಕು ಸಿಗುತ್ತದೆ. ಒಂದು ತಿಂಗಳು ಮುಂಚೆ ನೋಟಿಸ್ ಕೊಟ್ಟು, ಅಷ್ಟು ದಿನ ಎಲ್ಲಿ ನಿಲ್ಲಬೇಕು ಅಂತ ಜಾಗ ತೋರಿಸೋಕೆ ಏನು ಕಷ್ಟ? ಜಾಗ ಹೇಳದೆ ಓಡಿಸಿದರೆ ನಾವು ಪಕ್ಕದ ರಸ್ತೆಗೆ ಹೋಗುತ್ತೇವೆ, ಅಲ್ಲಿ ಮತ್ತೆ ಟ್ರಾಫಿಕ್, ಮತ್ತೆ ಲಾರಿ.

ಈ ಜಾಗದ ಮಾತು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ತೀರ್ಮಾನವಾಗಬೇಕು. ಅದರ ಸದಸ್ಯರಲ್ಲಿ ನೂರಕ್ಕೆ 40ರಷ್ಟಾದರೂ ನಾವೇ ಚುನಾಯಿಸಿದ ವ್ಯಾಪಾರಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಅಂತ ಕಾಯ್ದೆಯಲ್ಲಿದೆ. ನಮ್ಮ ಸಾಲಿನಲ್ಲಿ ಹೂವು ಕಟ್ಟುವ ಅಕ್ಕನಿಗೆ ಗುರುತಿನ ಚೀಟಿ ಇದೆ, ಅದರಲ್ಲಿ ಫೋಟೋ ಇದೆ, ಎಲ್ಲಿ ಕೂರಬೇಕು ಅನ್ನೋದು ಮಾತ್ರ ಇಲ್ಲ. ಜಾಗ ಬರೆಯದ ಚೀಟಿಯನ್ನು ಲಾರಿಯವರಿಗೆ ತೋರಿಸಿ ಏನು ಪ್ರಯೋಜನ?

ಹೊಸ ಯೋಜನೆ, ಹೊಸ ಅನುದಾನ ಏನೂ ಬೇಡ ಸಾರ್. ಎತ್ತಿದ ಮಾಲಿಗೆ ಸಹಿ ಹಾಕಿದ ಪಟ್ಟಿ, ಕಟ್ಟಿದ ದಂಡಕ್ಕೆ ರಸೀದಿ, ಕೆಡುವ ಮಾಲು ಅದೇ ದಿನ ವಾಪಸ್. ಇಷ್ಟನ್ನು ಲಿಖಿತ ಆದೇಶ ಮಾಡಿಸಿ, ತೆರವಿಗೆ ಬರುವ ಪ್ರತಿ ಲಾರಿಯಲ್ಲೂ ಅದರ ಪ್ರತಿ ಇರುವ ಹಾಗೆ ನೋಡಿಕೊಳ್ಳಿ. ಮತ್ತೆ ಈ ಸಲ ಜಾತ್ರೆಗೆ ಮುಂಚೆ ಸಮಿತಿಯ ಸಭೆ ಕರೆಸಿ, ನೀವೂ ಬಂದು ಕೂತುಕೊಳ್ಳಿ.

ಇಂತಿ,
ಹಳೇ ಬಸ್ ಸ್ಟ್ಯಾಂಡ್ ಕಡೆಯ ಒಬ್ಬ ಹಣ್ಣಿನ ವ್ಯಾಪಾರಿ