ಬಾತ್‌ರೂಂ ಲೀಕೇಜ್ ಕೆಲಸದಲ್ಲಿ ಒಂದು ಬದಲಾವಣೆ: ನಮ್ಮ ಗ್ರಾಹಕರಿಗೆ

ನಮಸ್ಕಾರ,

ಮುಂದಿನ ತಿಂಗಳ 1ರಿಂದ ನಾವು ಟೈಲ್ಸ್ ಸಂದಿಗೆ ಗ್ರೌಟ್ ತುಂಬಿ ಲೀಕೇಜ್ ನಿಲ್ಲಿಸುವ ಒಂದು ದಿನದ ಕೆಲಸವನ್ನು ಒಪ್ಪಿಕೊಳ್ಳುವುದಿಲ್ಲ. ಸಂಕನ್ ಸ್ಲ್ಯಾಬ್ ಇರುವ ಬಾತ್‌ರೂಂ ಸೋರುತ್ತಿದ್ದರೆ ಪೂರ್ತಿ ಬಿಚ್ಚಿಯೇ ಮಾಡುತ್ತೇವೆ. ಆರು ದಿನಕ್ಕೆ ಮುಗಿಸುತ್ತಿದ್ದ ಆ ಕೆಲಸಕ್ಕೆ ಇನ್ಮೇಲೆ 12 ದಿನ ಬೇಕು. ಐದು ಅಡಿಗೆ ಏಳು ಅಡಿಯ ಬಾತ್‌ರೂಮಿಗೆ ಟೈಲ್ಸ್ ಬಿಟ್ಟು 58,000 ರೂಪಾಯಿ ಇದ್ದದ್ದು 74,000 ಆಗುತ್ತದೆ. ಜಾಸ್ತಿ ಆಯ್ತು ಅಂತ ನಿಮಗೆ ಅನ್ನಿಸುತ್ತದೆ, ಗೊತ್ತು. ಅದಕ್ಕೇ ಈ ಪತ್ರ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇವೆ. ಎರಡನೇ ಮಹಡಿಯ ಒಂದು ಮನೆಗೆ ನಾವು ಎರಡು ಸಲ ಹೋಗಿ ಟೈಲ್ಸ್ ಸಂದಿ ಕೆರೆದು ಎಪಾಕ್ಸಿ ತುಂಬಿ ಬಂದಿದ್ದೆವು. ಎರಡೂ ಸಲ ಮೂರ್ನಾಲ್ಕು ತಿಂಗಳು ಕೆಳಗಿನ ಮನೆಯ ಸೀಲಿಂಗ್ ಒಣಗಿದ ಹಾಗೆ ಕಂಡಿತು. ಆಮೇಲೆ ಅದೇ ಜಾಗದಲ್ಲಿ ಹಳದಿ ಅಂಚಿನ ಕಲೆ, ಉಬ್ಬಿದ ಪೇಂಟು, ಬೆರಳಲ್ಲಿ ಸವರಿದರೆ ಕೈಗೆ ಬರುವ ಬಿಳಿ ಪುಡಿ. ಕೆಳಗಿನ ಮನೆಯವರು ಮೂರು ಸಲ ಪೇಂಟ್ ಮಾಡಿಸಿದರು. ಕೆಳಗಿನವರಿಗೂ ಮೇಲಿನವರಿಗೂ ಮಾತು ನಿಂತಿತು. ಅದರಲ್ಲಿ ನಮ್ಮ ಪಾಲೂ ಇದೆ. ಅವರಿಬ್ಬರ ಕ್ಷಮೆ ಕೇಳಿದ್ದೇವೆ, ಇಲ್ಲಿಯೂ ಕೇಳುತ್ತೇವೆ.

ಮೂರನೇ ಸಲ ನೆಲ ಬಿಚ್ಚಿದೆವು. ನಾವು ಪದೇ ಪದೇ ಕೇಳುವ ದೂರಿಗೆ ಉತ್ತರ ಅಲ್ಲೇ ಸಿಕ್ಕಿತು. "ಕಲೆ ಇರೋದು ಅಂಗೈಯಷ್ಟು, ಅದೂ ಬಾಗಿಲ ಮೂಲೇಲಿ. ನೀವ್ಯಾಕೆ ಇಡೀ ಬಾತ್‌ರೂಂ ಒಡೀತೀರಿ?" ಫೋನ್ ಮಾಡುವ ಪ್ರತಿಯೊಬ್ಬರೂ ಇದನ್ನು ಕೇಳುತ್ತಾರೆ.

ಸಂಕನ್ ಅಂದರೆ ಬಾತ್‌ರೂಮಿನ ಸ್ಲ್ಯಾಬನ್ನು ಉಳಿದ ಮನೆಗಿಂತ ಸುಮಾರು ಒಂದು ಅಡಿ ತಗ್ಗಿಗೆ ಹಾಕಿರುತ್ತಾರೆ. ನೀರು ಹೋಗುವ ಪೈಪು, ನೆಲದ ಜಾಲಿಯ ಕೆಳಗಿನ ನಹಾನಿ ಟ್ರ್ಯಾಪು ಎಲ್ಲ ಆ ಗುಂಡಿಯಲ್ಲಿ ಕೂರುತ್ತವೆ. ಸುತ್ತ ಇಟ್ಟಿಗೆ ಚೂರು ಇಲ್ಲವೇ ಸಿಂಡರ್ ಅನ್ನುವ ಸುಟ್ಟ ಕಲ್ಲಿದ್ದಲಿನ ಚೂರು ತುಂಬಿ, ಮೇಲೆ ಗಾರೆ ಹಾಕಿ ಟೈಲ್ಸ್ ಕೂರಿಸುತ್ತಾರೆ. ನಿಮಗೆ ಕಾಣುವುದು ಟೈಲ್ಸ್ ಮಾತ್ರ. ಅದರ ಕೆಳಗಿರುವುದು ಒಂದು ತೊಟ್ಟಿ, ಆ ತೊಟ್ಟಿಯ ತುಂಬ ಇಟ್ಟಿಗೆ ಚೂರು. ಎಲ್ಲಿಂದಾದರೂ ನೀರು ಒಳಗಿಳಿದರೆ ಹೊರಗೆ ಹೋಗಲು ದಾರಿಯಿಲ್ಲ. ಐದು ಅಡಿಗೆ ಏಳು ಅಡಿಯ ಗುಂಡಿಯಲ್ಲಿ, ಚೂರುಗಳ ಸಂದಿಯಲ್ಲೇ ಇನ್ನೂರು ಮುನ್ನೂರು ಲೀಟರ್ ನೀರು ನಿಲ್ಲುವಷ್ಟು ಜಾಗ ಇರುತ್ತದೆ.

ಹೀಗೆ ನಿಂತ ನೀರು ಸ್ಲ್ಯಾಬಿನ ಮೇಲೆ ತಗ್ಗು ಎಲ್ಲಿದೆಯೋ ಅಲ್ಲಿಗೆ ಹರಿಯುತ್ತದೆ. ಕಾಂಕ್ರೀಟ್ ಹಾಕುವಾಗ ಸರಿಯಾಗಿ ಕೂರದೆ ಜೇನುಗೂಡಿನ ಹಾಗೆ ತೂತಾದ ಜಾಗವೋ, ಪೈಪು ಹಾದುಹೋಗುವ ತೂತೋ, ಸ್ಲ್ಯಾಬು ತೊಲೆಗೆ ಸೇರುವ ಅಂಚೋ ಸಿಕ್ಕರೆ ಅಲ್ಲಿ ಇಳಿಯುತ್ತದೆ. ಆ ಮನೆಯಲ್ಲಿ ನೀರು ಒಳಗಿಳಿಯುತ್ತಿದ್ದದ್ದು ಪೈಪುಗಳು ಇಳಿಯುವ ಡಕ್ಟಿನ ಕಡೆಯ ನಹಾನಿ ಟ್ರ್ಯಾಪು ಪೈಪಿಗೆ ಸೇರುವಲ್ಲಿ. ಜೋಡಣೆ ಬಿಟ್ಟುಕೊಂಡು ಬೆರಳು ತೂರುವಷ್ಟು ಸಂದಿಯಾಗಿತ್ತು. ಕಲೆ ಕಂಡದ್ದು ಐದಾರು ಅಡಿ ಆಚೆ, ಬಾಗಿಲ ಮೂಲೆಯಲ್ಲಿ. ಕಲೆ ತೋರಿಸುವುದು ನೀರು ಹೊರಬಂದ ಜಾಗವನ್ನು, ಒಳಹೊಕ್ಕ ಜಾಗವನ್ನಲ್ಲ. ಕೈಗೆ ಬಂದ ಬಿಳಿ ಪುಡಿಯೂ ಸಿಮೆಂಟಿನ ಸುಣ್ಣವೇ. ನೀರು ಕಾಂಕ್ರೀಟಿನೊಳಗೆ ಹಾದು ಬರುವಾಗ ಅದನ್ನು ಕರಗಿಸಿಕೊಂಡು ಬಂದು, ಆರಿದ ಮೇಲೆ ಸೀಲಿಂಗ್ ಮೇಲೆ ಬಿಟ್ಟುಹೋಗುತ್ತದೆ.

ನಾವು ಮೇಲಿನ ಸಂದಿ ಮುಚ್ಚಿದಾಗ ಟೈಲ್ಸ್ ಮೂಲಕ ಇಳಿಯುವ ನೀರು ಮಾತ್ರ ನಿಂತಿತ್ತು. ಟ್ರ್ಯಾಪಿನ ಹತ್ತಿರ ಸೋರುವುದು ನಿಲ್ಲಲೇ ಇಲ್ಲ. ತೊಟ್ಟಿ ಮತ್ತೆ ತುಂಬಲು ಮೂರ್ನಾಲ್ಕು ತಿಂಗಳು ಹಿಡಿಯಿತು, ಅಷ್ಟೇ. ಕೆಳಗಿನಿಂದ ಸೀಲಿಂಗಿಗೆ ಏನಾದರೂ ಬಳಿದು ನಿಲ್ಲಿಸಿ ಅಂತಲೂ ಕೆಲವರು ಕೇಳುತ್ತಾರೆ. ಅಲ್ಲಿ ಮುಚ್ಚಿದರೆ ನೀರು ಪಕ್ಕದಲ್ಲಿ ದಾರಿ ಹುಡುಕುತ್ತದೆ. ಒಳಗಿನ ಕಬ್ಬಿಣ ನೆನೆಯುತ್ತಲೇ ಇರುತ್ತದೆ, ತುಕ್ಕು ಹಿಡಿದು ಉಬ್ಬಿ ಒಂದು ದಿನ ಪ್ಲಾಸ್ಟರನ್ನು ಚಕ್ಕೆ ಚಕ್ಕೆಯಾಗಿ ಬೀಳಿಸುತ್ತದೆ.

ಹಾಗಂತ ಸುಮ್ನೆ ಒಡೆಯುವುದಿಲ್ಲ. ಮೊದಲು ನಲ್ಲಿ ಪೈಪಿಗೆ ಪಂಪಿನಿಂದ ಒತ್ತಡ ಕೊಟ್ಟು ನೋಡುತ್ತೇವೆ. ಒತ್ತಡದ ಮೀಟರಿನ ಮುಳ್ಳು ಇಳಿದರೆ ಸೋರುತ್ತಿರುವುದು ಗೋಡೆಯೊಳಗಿನ ಪೈಪು. ಆಗ ಆ ಗೋಡೆಯನ್ನು ಮಾತ್ರ ತೆರೆದು ಸರಿಮಾಡುತ್ತೇವೆ, ನಿಮ್ಮ ನೆಲ ಉಳಿಯುತ್ತದೆ. ಮುಳ್ಳು ನಿಂತಲ್ಲೇ ನಿಂತರೆ ಮಾತ್ರ ನೆಲಕ್ಕೆ ಕೈ ಹಾಕುತ್ತೇವೆ.

ಈಗ ದುಡ್ಡಿನ ಮಾತು. "ಒಂದು ಡಬ್ಬ ಕೆಮಿಕಲ್ ಬಳಿಯೋಕೆ ಇಷ್ಟಾ?" ಅನ್ನುವುದನ್ನು ಕೇಳಿದಾಗ ನಮಗೆ ನಿಜವಾಗಲೂ ಬೇಜಾರಾಗುತ್ತದೆ. ಆ ಡಬ್ಬಗಳ ಬೆಲೆ ಬಿಲ್ಲಿನಲ್ಲಿ ಎಂಟರಲ್ಲಿ ಒಂದು ಪಾಲು. ಗುಂಡಿಯಿಂದ ತೆಗೆಯುವ ನೆನೆದ ಇಟ್ಟಿಗೆ ಚೂರು, ಗಾರೆ ಸೇರಿ ಸುಮಾರು ಒಂದೂವರೆ ಟನ್ ತೂಗುತ್ತದೆ. ಒಂದೊಂದು ಚೀಲಕ್ಕೆ 30 ಕೆ.ಜಿ. ಹಾಕಿದರೂ 50 ಚೀಲ. ನಮ್ಮ ಹುಡುಗರು ಅದನ್ನು ತಲೆ ಮೇಲೆ ಹೊತ್ತು ಮೆಟ್ಟಿಲಿಳಿಯುತ್ತಾರೆ, ಯಾಕೆಂದರೆ ಲಿಫ್ಟಿನಲ್ಲಿ ಸಾಗಿಸಲು ಎಷ್ಟೋ ಕಡೆ ಬಿಡುವುದಿಲ್ಲ. ಆಮೇಲೆ ಟೆಂಪೋ ಬಾಡಿಗೆ, ಸುರಿಯಲು ಒಪ್ಪಿದ ಜಾಗದ ಫೀಸು. ರಾತ್ರಿ ಕೆರೆ ದಂಡೆಗೆ ಸುರಿದು ಬರುವವರಿಗೆ ಈ ಖರ್ಚಿಲ್ಲ. ನಾವು ಇದುವರೆಗೆ ಒಂದು ಚೀಲವನ್ನೂ ಹಾಗೆ ಸುರಿದಿಲ್ಲ.

ಜಾಸ್ತಿಯಾದ ಆರು ದಿನ ಎಲ್ಲಿ ಹೋಗುತ್ತದೆ ಅಂದರೆ ಹೆಚ್ಚಾಗಿ ಕಾಯುವುದಕ್ಕೆ. ಸ್ಲ್ಯಾಬು ಬರಿದಾದ ಮೇಲೆ ತೊಳೆದು, ತೂತುಗಳಿಗೂ ಪೈಪಿನ ಸುತ್ತಲೂ ಕುಗ್ಗದ ಗ್ರೌಟ್ ತುಂಬುತ್ತೇವೆ. ನೆಲವೂ ಗೋಡೆಯೂ ಸೇರುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡುತ್ತೇವೆ, ಚೂಪು ಮೂಲೆಯಲ್ಲಿ ಕೋಟಿಂಗ್ ಬೇಗ ಸೀಳುತ್ತದೆ. ಆಮೇಲೆ ಪಾಲಿಮರ್ ಬೆರೆಸಿದ ಸಿಮೆಂಟ್ ಕೋಟಿಂಗ್ ಎರಡು ಸಲ, ಎರಡನೆಯದು ಮೊದಲನೆಯದಕ್ಕೆ ಅಡ್ಡಡ್ಡ. ಗುಂಡಿಯ ಗೋಡೆ ಪೂರ್ತಿ ಹತ್ತಿಸಿ, ಟೈಲ್ಸ್ ಮಟ್ಟಕ್ಕಿಂತ ಒಂದು ಅಡಿ ಮೇಲಕ್ಕೆ ಒಯ್ಯುತ್ತೇವೆ. ಶವರ್ ಗೋಡೆಯಲ್ಲಿ ಆರು ಅಡಿವರೆಗೆ. ಮೊದಲು ನಾವೂ ತುಂಬುವ ಮಟ್ಟಕ್ಕೆ ನಿಲ್ಲಿಸುತ್ತಿದ್ದೆವು, ಅದೂ ತಪ್ಪೇ.

ಕೋಟಿಂಗ್ ಗಟ್ಟಿಯಾದ ಮೇಲೆ ಪೈಪು ಮುಚ್ಚಿ, ನಾಲ್ಕು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು 48 ಗಂಟೆ ಬಿಡುತ್ತೇವೆ. ಗೆರೆಯ ಮಟ್ಟವನ್ನೂ ಕೆಳಗಿನ ಸೀಲಿಂಗನ್ನೂ ನೀವೇ ಬಂದು ನೋಡಬೇಕು. ಗುಂಡಿ ತುಂಬಿ, ಜಾಲಿಯ ಕಡೆಗೆ ವಾಟ ಕೊಟ್ಟು, ಮೇಲೆ ಇನ್ನೊಂದು ಸಲ ಕೋಟಿಂಗ್ ಬಳಿದ ಮೇಲೆ ಮತ್ತೆ 48 ಗಂಟೆ. ಟೈಲ್ಸ್ ಅದಾದ ಮೇಲೆಯೇ.

ಐದು ವರ್ಷದ ಗ್ಯಾರಂಟಿ ಹಾಗೇ ಇದೆ. ಆದರೆ ಕಮೋಡ್ ಬದಲಿಸಲು ನೆಲಕ್ಕೆ ಡ್ರಿಲ್ ಹಾಕಿಸುವ ಮುಂಚೆ ನಮಗೆ ಹೇಳಿ. ಟೈಲ್ಸ್ ತೊಳೆಯಲು ಆಸಿಡ್ ಬೇಡ, ಸಂದಿಯ ಸಿಮೆಂಟನ್ನು ತಿನ್ನುತ್ತದೆ. ಕೆಲಸ ಮುಗಿದ ಮರುದಿನವೇ ಕೆಳಗಿನ ಸೀಲಿಂಗ್ ಒಣಗುವುದಿಲ್ಲ. ಕಾಂಕ್ರೀಟು ಕುಡಿದ ನೀರು ಆರಲು ಒಂದೆರಡು ತಿಂಗಳು ಬೇಕು, ಅಲ್ಲಿಯವರೆಗೆ ಪೇಂಟ್ ಮಾಡಿಸಬೇಡಿ. ಕಲೆ ದೊಡ್ಡದಾಗುತ್ತಿದ್ದರೆ ಮಾತ್ರ ಯೋಚನೆ, ಸಣ್ಣದಾಗುತ್ತಿದ್ದರೆ ಕಾಯಿರಿ.

ನಾವು ಗ್ರೌಟ್ ಮಾಡಿಕೊಟ್ಟು ಮತ್ತೆ ಸೋರಿದ ಮನೆಯವರು ಈಗ ಪೂರ್ತಿ ಕೆಲಸ ಮಾಡಿಸಿದರೆ, ಆಗ ಕೊಟ್ಟ ದುಡ್ಡನ್ನು ಈ ಬಿಲ್ಲಿನಲ್ಲಿ ಕಳೆಯುತ್ತೇವೆ. ಹಳೇ ರಸೀದಿ ಇಲ್ಲದಿದ್ದರೂ ಪರವಾಗಿಲ್ಲ, ನಮ್ಮ ಪುಸ್ತಕದಲ್ಲಿ ಇದೆ.

ಇನ್ನೊಂದು, ಇದಕ್ಕೆ ಬೇರೆ ದುಡ್ಡಿಲ್ಲ. ಗುಂಡಿಯ ತೀರಾ ತಳದಿಂದ ಡಕ್ಟಿಗೆ ಒಂದು ಇಂಚಿನ ಪೈಪು ಬಿಡುತ್ತೇವೆ. ಮುಂದೆ ಯಾವತ್ತಾದರೂ ನೀರು ಒಳಗಿಳಿದರೆ ಕೆಳಗಿನವರ ಸೀಲಿಂಗಿಗೆ ಹೋಗುವ ಮುಂಚೆ ಅಲ್ಲಿ ತೊಟ್ಟಿಕ್ಕುತ್ತದೆ. ತಿಂಗಳಿಗೊಮ್ಮೆ ಡಕ್ಟಿನ ಕಿಟಕಿಯಿಂದ ಅದರ ತುದಿ ನೋಡಿ. ಒಂದು ಹನಿ ಕಂಡರೂ ಫೋನ್ ಮಾಡಿ, ನಾವೇ ಬರುತ್ತೇವೆ.

ನಿಮ್ಮ,
ವಾಟರ್‌ಪ್ರೂಫಿಂಗ್ ಅಂಗಡಿಯವರು