500 ಪೈಪಿಗೆ 580ರ ಬಿಲ್: ಹೆಚ್ಚಾಗಿ ಹಾಕಿದ ಮೊತ್ತಕ್ಕೆ ಕ್ರೆಡಿಟ್ ನೋಟ್ ಕೋರಿ ದೂರು

ಇಂದ:
ಮಾಲೀಕರು, ಕೃಷಿ ಪೈಪು ಮತ್ತು ಹಾರ್ಡ್‌ವೇರ್ ಅಂಗಡಿ, ರಾಣೆಬೆನ್ನೂರು

ಗೆ:
ಮಾರಾಟ ಮತ್ತು ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು, ಪೈಪು ವಿತರಣಾ ಕಂಪನಿ, ಬೆಂಗಳೂರು

ದಿನಾಂಕ: 18 ಆಗಸ್ಟ್ 2025

ವಿಷಯ: ಆರ್ಡರ್ ನಂ. 187ರಲ್ಲಿ ಕಂತುಗಳಲ್ಲಿ ಬಂದ ಮಾಲಿನ ಪೈಕಿ 80 ಪೈಪುಗಳಿಗೆ ಎರಡು ಸಲ ಬಿಲ್ ಆಗಿರುವ ಬಗ್ಗೆ.

ಮಾನ್ಯರೇ,

ನೀವು ಕಳಿಸಿದ ಜುಲೈ ತಿಂಗಳ ಲೆಡ್ಜರ್ ಪ್ರತಿಯಲ್ಲಿ ನಮ್ಮ ಹೆಸರಿಗೆ ₹37,760 ಬಾಕಿ ತೋರಿಸಿದ್ದೀರಿ. ಅದಕ್ಕೆ ಬಡ್ಡಿ ಹಾಕಿ, ಈ ಹಣ ಬರುವವರೆಗೆ ಹೊಸ ಮಾಲು ಕಳಿಸುವುದಿಲ್ಲ ಎಂದೂ ಬರೆದಿದ್ದೀರಿ. ಈ ಹಣ ನಾವು ಕೊಡಬೇಕಾದದ್ದಲ್ಲ. ನಮ್ಮ ಗೋದಾಮಿಗೆ ಬಂದಿಳಿದ ಒಂದೊಂದು ಪೈಪಿನ ಹಣವೂ ನಿಮಗೆ ಸಂದಾಯವಾಗಿದೆ. ಫೋನಿನಲ್ಲಿ ಇದನ್ನು ಹೇಳಿದಾಗಲೆಲ್ಲ ನಿಮ್ಮ ಕಚೇರಿಯಿಂದ ಬಂದ ಉತ್ತರ ಒಂದೇ: "ಸಿಸ್ಟಮ್‌ನಲ್ಲಿ ಹಾಗೇ ತೋರಿಸುತ್ತಿದೆ ಸರ್." ಅದಕ್ಕಾಗಿಯೇ ಸಿಸ್ಟಮ್ ಹಾಗೆ ತೋರಿಸಲು ಕಾರಣವೇನು ಎಂಬುದನ್ನೂ ನಮ್ಮ ಬಳಿಯ ಕಾಗದಗಳನ್ನು ಮುಂದಿಟ್ಟುಕೊಂಡು ವಿವರವಾಗಿ ಬರೆಯುತ್ತಿದ್ದೇನೆ.

ನಾವು ಕೊಟ್ಟಿದ್ದು ಒಂದೇ ಆರ್ಡರ್. ₹400 ದರದ 500 ಪಿವಿಸಿ ಪೈಪು, ₹250 ದರದ 120 ಬಾಲ್ ವಾಲ್ವ್. 18% ಜಿಎಸ್‌ಟಿ ಸೇರಿ ಒಟ್ಟು ₹2,71,400. ಅಷ್ಟೂ ಪೈಪು ಒಟ್ಟಿಗೆ ಸ್ಟಾಕ್ ಇಲ್ಲ, ಇದ್ದಷ್ಟು ಈಗ ಕಳಿಸಿ ಉಳಿದದ್ದನ್ನು ಬಂದ ಹಾಗೆ ಕಳಿಸುತ್ತೇವೆ ಎಂದಿರಿ. ನಾವೂ ಒಪ್ಪಿದೆವು. ಇದರಲ್ಲಿ ಆಕ್ಷೇಪವೇನಿಲ್ಲ, ಈ ವ್ಯಾಪಾರದಲ್ಲಿ ಅದು ಎಲ್ಲರೂ ಮಾಡುವುದೇ.

ಮೇ 6ರ ಮೊದಲ ಲೋಡಿನಲ್ಲಿ 300 ಪೈಪು ಮತ್ತು ಎಲ್ಲಾ ವಾಲ್ವ್‌ಗಳು ಬಂದವು. ಬಿಲ್ ನಂ. 412ರಲ್ಲೂ ಅಷ್ಟೇ ಇದೆ, ಮೊತ್ತ ₹1,77,000. ಅದು ಸರಿಯಾಗಿದೆ.

ಲೆಕ್ಕ ತಪ್ಪಿದ್ದು ಮೇ 20ರ ಎರಡನೇ ಲೋಡಿನಲ್ಲಿ. ಆ ದಿನ ಲಾರಿಯಿಂದ ಇಳಿದದ್ದು 120 ಪೈಪು. ಟ್ರಾನ್ಸ್‌ಪೋರ್ಟಿನವರ ಎಲ್‌ಆರ್‌ನಲ್ಲಿ "12 ಬಂಡಲ್" ಎಂದಿದೆ, ಒಂದು ಬಂಡಲ್‌ಗೆ ಹತ್ತು ಪೈಪು. ನಿಮ್ಮ ಗೋದಾಮಿನವರೇ ಬರೆದ ಲೋಡಿಂಗ್ ಚೀಟಿಯಲ್ಲೂ 120 ಎಂದೇ ಇದೆ. ನಮ್ಮ ಹುಡುಗ ಎಣಿಸಿ, ಅದರ ಕೆಳಗೆ "120 ಮಾತ್ರ" ಎಂದು ಬರೆದು ಸೀಲು ಒತ್ತಿ ಚಾಲಕನ ಕೈಗೆ ಕೊಟ್ಟ. ಆದರೆ ಅದೇ ಲಾರಿಯಲ್ಲಿ ಬಂದ ಬಿಲ್ ನಂ. 455ರಲ್ಲಿ ಇರುವುದು 200 ಪೈಪು, ₹94,400. ಬರಬೇಕಿದ್ದದ್ದು ₹56,640.

ಈ 200 ಎಲ್ಲಿಂದ ಬಂತೆಂದು ನೋಡಿದರೆ ತಪ್ಪಿನ ಬುಡ ಸಿಗುತ್ತದೆ. 500ರಲ್ಲಿ 300 ಕಳೆದರೆ 200. ಎಂದರೆ ಬಿಲ್ ಮಾಡಿದವರು ಲಾರಿಗೆ ಏನು ಹತ್ತಿತು ಎಂಬುದನ್ನು ನೋಡದೆ ಆರ್ಡರ್‌ನಿಂದಲೇ ಬಿಲ್ ಎಳೆದಿದ್ದಾರೆ. ಆರ್ಡರ್‌ನಿಂದ ಎಳೆದಾಗ ಬಾಕಿ ಇರುವಷ್ಟೂ ಸಂಖ್ಯೆ ತಾನಾಗಿ ಬಂದು ಕೂರುತ್ತದೆ. ಅದನ್ನು 120 ಎಂದು ತಿದ್ದಬೇಕಿತ್ತು, ತಿದ್ದಿಲ್ಲ. ಆ ಬಿಲ್ಲನ್ನೇ ಹಿಡಿದು ಮಾಡಿದ ಇ-ವೇ ಬಿಲ್ಲಿನಲ್ಲೂ 200 ಎಂದೇ ಇದೆ. ದಾರಿಯಲ್ಲಿ ತಪಾಸಣೆಗೆ ಲಾರಿ ನಿಲ್ಲಿಸಿದ್ದರೆ ಕಾಗದದಲ್ಲಿ 200, ಲಾರಿಯಲ್ಲಿ 120. ಆ ತೊಂದರೆಯನ್ನು ಚಾಲಕನೂ ನಾವೂ ಅನುಭವಿಸಬೇಕಾಗುತ್ತಿತ್ತು.

ಅಷ್ಟಕ್ಕೇ ನಿಂತಿದ್ದರೆ ಉಳಿದ 80 ಪೈಪು ಬಂದಾಗ ಲೆಕ್ಕ ಹೇಗೋ ಸರಿಹೋಗುತ್ತಿತ್ತು. ಆದರೆ ಬಿಲ್ ಪೂರ್ತಿ ಆದದ್ದರಿಂದ ನಿಮ್ಮ ಸಿಸ್ಟಮ್‌ನಲ್ಲಿ ಆರ್ಡರ್ 187 ಮುಗಿದುಹೋಗಿದೆ. ಗೋದಾಮಿನವರಿಗೆ ಮಾತ್ರ ನಮಗೆ ಇನ್ನೂ 80 ಕೊಡಬೇಕೆಂದು ಗೊತ್ತು. ಮುಗಿದ ಆರ್ಡರ್ ಮೇಲೆ ಚಲನ್ ಹಾಕಲು ಬರದೆ ಅವರು 80 ಪೈಪಿಗೆ ಹೊಸ ಆರ್ಡರ್ ತೆರೆದಿದ್ದಾರೆ, ನಂ. 231. ನಮ್ಮ ಆರ್ಡರ್ ಉಲ್ಲೇಖ ಬರೆಯುವ ಜಾಗದಲ್ಲಿ "ಮೌಖಿಕ" ಎಂದಿದೆ. ಅಂಥ ಆರ್ಡರನ್ನು ನಾವು ಬರಹದಲ್ಲೂ ಕೊಟ್ಟಿಲ್ಲ, ಬಾಯಿಮಾತಿನಲ್ಲೂ ಹೇಳಿಲ್ಲ. ಜೂನ್ 9ರಂದು ಆ 80 ಪೈಪು ಬಂತು, ಜೊತೆಗೆ ಬಿಲ್ ನಂ. 519, ₹37,760. ಹೀಗೆ ನಾವು ಕೇಳಿದ್ದು 500, ನಮಗೆ ಬಂದದ್ದು 500, ನೀವು ಬಿಲ್ ಹಾಕಿದ್ದು 580.

ನಿಮ್ಮ ಲೆಕ್ಕದವರು ಕೊಟ್ಟ ಮೂರು ಸಮಜಾಯಿಷಿಗಳಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ.

ಮೊದಲನೆಯದು, ಮೂರೂ ಬಿಲ್ಲುಗಳಿಗೆ ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ಐಆರ್‌ಎನ್ ಬಂದಿದೆ, ಆದ್ದರಿಂದ ಮೂರೂ ಸರಿ ಎಂಬುದು. ಐಆರ್‌ಎನ್ ಹುಟ್ಟುವುದು ಮಾರುವವರ ಜಿಎಸ್‌ಟಿ ನಂಬರ್, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ಬಿಲ್ ನಂಬರ್ ಇವಿಷ್ಟರಿಂದ. ಒಂದೇ ನಂಬರಿನ ಬಿಲ್ಲನ್ನು ಎರಡು ಸಲ ಹಾಕಿದರೆ ಅದು ತಡೆಯುತ್ತದೆ. ಅದೇ ಮಾಲಿಗೆ 455 ಎಂದೂ 519 ಎಂದೂ ಬೇರೆ ಬೇರೆ ನಂಬರ್ ಕೊಟ್ಟರೆ ಎರಡಕ್ಕೂ ಐಆರ್‌ಎನ್ ಕೊಡುತ್ತದೆ. ಲಾರಿಯಲ್ಲಿ ಎಷ್ಟು ಪೈಪು ಇತ್ತು ಎಂದು ಪೋರ್ಟಲ್‌ಗೆ ತಿಳಿಯುವ ದಾರಿಯೇ ಇಲ್ಲ.

ಎರಡನೆಯದು, ಕಂತುಗಳಲ್ಲಿ ಮಾಲು ಕಳಿಸುವಾಗ ಮೊದಲೇ ಪೂರ್ತಿ ಬಿಲ್ ಮಾಡಬಹುದು, ಕಾನೂನಿನಲ್ಲೇ ಅವಕಾಶವಿದೆ ಎಂಬುದು. ನೀವು ಹೇಳುವುದು ಜಿಎಸ್‌ಟಿ ನಿಯಮ 55ರ ಐದನೇ ಉಪನಿಯಮವನ್ನು. ಅದನ್ನು ಪೂರ್ತಿ ಓದಿ ನೋಡಿ. ಮೊದಲ ಕಂತು ಹೊರಡುವ ಮುನ್ನ ಪೂರ್ತಿ ಬಿಲ್ ಮಾಡಿ, ಆಮೇಲಿನ ಪ್ರತಿ ಕಂತನ್ನು ಆ ಬಿಲ್ಲಿನ ಉಲ್ಲೇಖವಿರುವ ಡೆಲಿವರಿ ಚಲನ್ ಮೇಲೆ ಕಳಿಸಬೇಕು, ಮೂಲ ಬಿಲ್ ಕೊನೆಯ ಕಂತಿನ ಜೊತೆ ಬರಬೇಕು ಎನ್ನುತ್ತದೆ ಅದು. ಆ ದಾರಿ ಹಿಡಿದಿದ್ದರೆ ಜೂನ್ 9ಕ್ಕೆ ಚಲನ್ ಬರಬೇಕಿತ್ತು, ಬಿಲ್ ಅಲ್ಲ. ಇನ್ನೊಂದು ದಾರಿ, ಗೋದಾಮು ಬಿಟ್ಟಷ್ಟು ಮಾಲಿಗೆ ಅಷ್ಟೇ ಬಿಲ್. ಮೊದಲ ಲೋಡಿಗೆ ನೀವೇ ಮಾಡಿದ್ದು ಅದನ್ನು. ಎರಡರಲ್ಲಿ ಒಂದನ್ನು ಹಿಡಿದು ಕೊನೆಯವರೆಗೂ ನಡೆಯಬೇಕು. ಒಂದೇ ಆರ್ಡರ್‌ನಲ್ಲಿ ನಡುವೆ ದಾರಿ ಬದಲಿಸಿದ್ದರಿಂದಲೇ 80 ಪೈಪು ಎರಡು ಕಡೆಯೂ ಸೇರಿತು.

ಮೂರನೆಯದು ನಿಮ್ಮ ಮಾರಾಟ ಪ್ರತಿನಿಧಿ ಹೇಳಿದ್ದು: "ಮುಂದಿನ ಆರ್ಡರ್‌ನಲ್ಲಿ ಅಡ್ಜಸ್ಟ್ ಮಾಡಿಕೊಡ್ತೀವಿ ಬಿಡಿ ಅಣ್ಣಾ." ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಇದನ್ನು ನಾವು ಒಪ್ಪುವುದಿಲ್ಲ. ₹37,760ರಲ್ಲಿ ₹5,760 ತೆರಿಗೆ ಇದೆ. ಮುಂದಿನ ಬಿಲ್ಲಿನಲ್ಲಿ ರಿಯಾಯಿತಿ ಎಂದು ಕಳೆದರೆ ಮೇ ತಿಂಗಳ ತಪ್ಪು ತೆರಿಗೆ ಅಲ್ಲೇ ಉಳಿಯುತ್ತದೆ. ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಈಗಾಗಲೇ ಮೂರೂ ಬಿಲ್ಲುಗಳ ತೆರಿಗೆ ಬಂದು ಕೂತಿದೆ. ಕೈಗೆ ಬಾರದ ಮಾಲಿನ ಮೇಲೆ ತೆರಿಗೆ ಕ್ರೆಡಿಟ್ ತೆಗೆದುಕೊಳ್ಳಲು ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 16 ಬಿಡುವುದಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಬಿಲ್ಲನ್ನು ಒಪ್ಪಬಹುದು, ತಿರಸ್ಕರಿಸಬಹುದು, ಇಲ್ಲವೇ ಬಾಕಿ ಇಡಬಹುದು. ಅದೇ ಬಿಲ್ಲಿನ 120 ಪೈಪಿಗೆ ಒಪ್ಪಿ 80ನ್ನು ಬಿಡಲು ಆಗುವುದಿಲ್ಲ. ನಾವು ಬಿಲ್ 455ನ್ನು ಒಪ್ಪಿ, ನಮ್ಮದಲ್ಲದ ₹5,760ನ್ನು ರಿಟರ್ನ್‌ನಲ್ಲಿ ವಾಪಸ್ ತೋರಿಸಿದ್ದೇವೆ. ನಿಮಗೆ ಬೇಕಾದರೆ ನಮ್ಮ ಆಡಿಟರ್ ಅದನ್ನು ಬರಹದಲ್ಲಿ ಕೊಡುತ್ತಾರೆ.

ಈಗ ಆಗಬೇಕಾದ ಕೆಲಸ ಹೀಗಿದೆ. ಬಿಲ್ 455ರ ಮೇಲೆ 80 ಪೈಪಿಗೆ, ₹32,000 ಮತ್ತು ₹5,760 ತೆರಿಗೆ ಸೇರಿ ₹37,760ಕ್ಕೆ, ಸೆಕ್ಷನ್ 34ರಡಿ ಕ್ರೆಡಿಟ್ ನೋಟ್ ಕೊಡಿ. 519ನ್ನೇ ರದ್ದು ಮಾಡಿದರೆ ಸಾಲದೇ ಎಂದು ನಿಮ್ಮವರು ಕೇಳಿದ್ದರು. ಇ-ಇನ್‌ವಾಯ್ಸ್ ರದ್ದು ಮಾಡಲು ಇರುವುದು 24 ಗಂಟೆ, ಅದು ಎಂದೋ ಕಳೆಯಿತು. ಅದಕ್ಕಿಂತ ಮುಖ್ಯವಾಗಿ, 519ರ ಹಿಂದೆ ನಿಜವಾಗಿ ಬಂದ ಮಾಲಿದೆ, ಇ-ವೇ ಬಿಲ್ ಇದೆ, ನಮ್ಮ ಸೀಲಿನ ರಸೀದಿ ಇದೆ. ಮಾಲಿಲ್ಲದೆ ಹುಟ್ಟಿದ ಲೆಕ್ಕ 455ರೊಳಗಿನ 80, ತಿದ್ದುಪಡಿ ಅಲ್ಲೇ ಆಗಬೇಕು.

ಕ್ರೆಡಿಟ್ ನೋಟ್ ಮಾಡುವಾಗ ದಯವಿಟ್ಟು ಒಂದು ಎಚ್ಚರ ವಹಿಸಿ. ಅದನ್ನು "ಮಾಲು ವಾಪಸ್" ಎಂಬ ಬಗೆಯಲ್ಲಿ ನಮೂದಿಸಬೇಡಿ. ನಾವು ಒಂದು ಪೈಪನ್ನೂ ಹಿಂದಿರುಗಿಸಿಲ್ಲ. ಹಾಗೆ ನಮೂದಿಸಿದರೆ ನಿಮ್ಮ ಸ್ಟಾಕ್‌ನಲ್ಲಿ ಇಲ್ಲದ 80 ಪೈಪು ಏರುತ್ತದೆ, ಆರ್ಡರ್ 187 ಮತ್ತೆ ತೆರೆದುಕೊಂಡು ಬ್ಯಾಕ್‌ಆರ್ಡರ್ ಪಟ್ಟಿಯಲ್ಲಿ 80 ಬಾಕಿ ಕಾಣುತ್ತದೆ. ಮುಂದಿನ ಲಾರಿಗೆ ಯಾರೋ ಅದನ್ನು ಹತ್ತಿಸಿ ಇನ್ನೊಂದು ಬಿಲ್ ಹರಿಯುತ್ತಾರೆ. ಸ್ಟಾಕ್ ಮುಟ್ಟದೆ ಬಿಲ್ಲಿನ ಸಂಖ್ಯೆಯನ್ನಷ್ಟೇ ಇಳಿಸುವ ಕ್ರೆಡಿಟ್ ನೋಟ್ ಬೇಕು. ಜೊತೆಗೆ 231 ನಮ್ಮ ಆರ್ಡರ್ ಅಲ್ಲ, 187ರದ್ದೇ ಉಳಿದ ಭಾಗ ಎಂದು ನಿಮ್ಮ ದಾಖಲೆಯಲ್ಲಿ ಸೇರಿಸಿಕೊಳ್ಳಿ.

ಈ ಕ್ರೆಡಿಟ್ ನೋಟನ್ನು ರಿಟರ್ನ್‌ನಲ್ಲಿ ತೋರಿಸಲು ನಿಮಗೆ 2026ರ ನವೆಂಬರ್ 30ರವರೆಗೆ ಸಮಯವಿದೆ, ಅದು ನನಗೂ ಗೊತ್ತು. ಆದರೆ ಅಲ್ಲಿಯವರೆಗೆ ಮಾಲು ತಡೆಹಿಡಿಯುವ ಹಕ್ಕು ಅದರಿಂದ ಬರುವುದಿಲ್ಲ. ನಮ್ಮಲ್ಲಿ ಮುಂಗಡ ಕೊಟ್ಟ ರೈತರು ಬೋರ್ ಕೊರೆಸಿ, ಮೋಟರ್ ಇಳಿಸಿ, ಪೈಪಿಗಾಗಿ ಕಾಯುತ್ತಿದ್ದಾರೆ. ನಿಮ್ಮ ಲೆಕ್ಕದ ತಪ್ಪಿಗೆ ಅವರ ಬೆಳೆ ಒಣಗಬಾರದು. ಬಡ್ಡಿಯನ್ನು ತೆಗೆದು, ತಡೆಯನ್ನು ಇಂದೇ ಬಿಡಿ. ಕ್ರೆಡಿಟ್ ನೋಟ್ ಹಿಂದಿನಿಂದ ಬರಲಿ.

ಮುಂದಿನ ಆರ್ಡರ್‌ಗಳ ಬಗ್ಗೆಯೂ ಒಂದು ಷರತ್ತು. ಕಂತಿನಲ್ಲಿ ಮಾಲು ಬರುವಾಗ ಪ್ರತಿ ಬಿಲ್ ಆಯಾ ಲೋಡಿನ ಚಲನ್‌ನಿಂದಲೇ ಆಗಬೇಕು. ಆರ್ಡರ್‌ನಿಂದ ನೇರ ಬಿಲ್ ಎಳೆಯುವುದನ್ನು ನಮ್ಮ ಖಾತೆಗೆ ನಿಲ್ಲಿಸಿ. ಬಿಲ್ಲಿನ ಪ್ರತಿ ಸಾಲಿನಲ್ಲಿ ನಮ್ಮ ಆರ್ಡರ್ ನಂಬರ್, ಚಲನ್ ನಂಬರ್, ಮತ್ತು ಆ ಐಟಂನಲ್ಲಿ ಕೇಳಿದ್ದೆಷ್ಟು, ಈವರೆಗೆ ಕಳಿಸಿದ್ದೆಷ್ಟು, ಈವರೆಗೆ ಬಿಲ್ ಆದದ್ದೆಷ್ಟು ಎಂಬ ಮೂರು ಸಂಖ್ಯೆ ಇರಲಿ. ಬಿಲ್ ಆದದ್ದು ಕಳಿಸಿದ್ದಕ್ಕಿಂತ ಹೆಚ್ಚಿರಬಾರದು, ಕಳಿಸಿದ್ದು ಕೇಳಿದ್ದಕ್ಕಿಂತ ಹೆಚ್ಚಿರಬಾರದು. ಮೇ 20ರಂದು ಇಷ್ಟು ನೋಡಿದ್ದರೆ 500, 420, 500 ಎಂದು ಕಣ್ಣಿಗೆ ಬೀಳುತ್ತಿತ್ತು, ಬಿಲ್ ಅಲ್ಲೇ ನಿಲ್ಲುತ್ತಿತ್ತು. ಮುಂದೆ ಈ ಮೂರು ಸಂಖ್ಯೆ ಇಲ್ಲದ ಬಿಲ್ ಬಂದರೆ ಮಾಲನ್ನು ಇಳಿಸಿಕೊಂಡು, ಬಿಲ್ಲನ್ನು ಪೋರ್ಟಲ್‌ನಲ್ಲಿ ಬಾಕಿ ಇಡುತ್ತೇವೆ.

ಎಲ್‌ಆರ್, ಸೀಲು ಹಾಕಿದ ಲೋಡಿಂಗ್ ಚೀಟಿ, ಮೂರು ಬಿಲ್ಲುಗಳು ಮತ್ತು ನಾವು ಪಾವತಿಸಿದ ₹2,71,400ರ ಬ್ಯಾಂಕ್ ವಿವರಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ಆಗಸ್ಟ್ 31ರೊಳಗೆ ಲಿಖಿತ ಉತ್ತರ ಬೇಕು.

ಇಂತಿ,
ತಮ್ಮ ವಿಶ್ವಾಸಿ,
ಮಾಲೀಕರು